ಅಂಗಡಿಗೆ ಮೊದಲ ಅಕೌಂಟೆಂಟ್: ಸಂಬಳದ ಚೀಟಿಯಲ್ಲಿ ಏನು ಬರೆಯಬೇಕು, ಏನು ಬರೆಯಬಾರದು

ದಾವಣಗೆರೆಯಲ್ಲಿ ನನ್ನದು ಪಂಪು, ಪೈಪು, ಕೇಬಲ್ಲಿನ ಅಂಗಡಿ. ಹನ್ನೊಂದು ವರ್ಷ ಲೆಕ್ಕಪತ್ರವನ್ನು ನಾನೇ ಹೇಗೋ ತಳ್ಳಿಕೊಂಡು ಬಂದೆ. ರಾತ್ರಿ ಶಟರ್ ಎಳೆದ ಮೇಲೆ ಬಿಲ್ ಪುಸ್ತಕ ಹಿಡಿದು ಕೂರುವುದು, ತಿಂಗಳ ಕೊನೆಗೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಆಡಿಟರ್ ಆಫೀಸಿಗೆ ಕಳಿಸುವುದು. ಕೊನೆಗೂ ಒಬ್ಬರು ಬೇಕೇ ಬೇಕು ಎಂದಾದಾಗ ಹರಿಹರದ ಕಡೆಯ ಒಬ್ಬ ಬಿ.ಕಾಂ. ಓದಿದ ಹುಡುಗಿ ಬಂದಳು. ಟ್ಯಾಲಿ ಗೊತ್ತು, ಜಿಎಸ್‌ಟಿ ರಿಟರ್ನ್ ಹಾಕಲು ಗೊತ್ತು. ಮಾತುಕತೆ ಇಪ್ಪತ್ತು ಸಾವಿರಕ್ಕೆ ನಿಂತಿತು. "ಬ್ರೇಕಪ್ ಬರೆದು ಕೊಡಿ ಸರ್" ಅಂದಳು.

ಪರಿಚಯದ ಒಬ್ಬರ ಕಾರ್ಖಾನೆಯ ಆಫರ್ ಲೆಟರ್ ನೋಡಿಕೊಂಡು ನಾನೂ ಬರೆದೆ: ಮೂಲ ವೇತನ 8,000, ಮನೆ ಬಾಡಿಗೆ ಭತ್ಯೆ 3,200, ಪ್ರಯಾಣ ಭತ್ಯೆ 1,600, ವೈದ್ಯಕೀಯ ಭತ್ಯೆ 1,250, ವಿಶೇಷ ಭತ್ಯೆ 5,950. ಕೂಡಿದರೆ ಸರಿಯಾಗಿ 20,000. ನೋಡಲು ದೊಡ್ಡ ಕಂಪನಿಯ ಕಾಗದದ ಹಾಗೆಯೇ ಇತ್ತು. ಹುಡುಗಿ ಎರಡು ಸಲ ಓದಿ ಕೇಳಿದಳು, "ಇದ್ರಲ್ಲಿ ಕೈಗೆ ಎಷ್ಟು ಬರುತ್ತೆ ಸರ್?"

ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಕಲಿತದ್ದನ್ನು ನನ್ನ ಹಾಗೆ ಮೊದಲ ಸಲ ಅಕೌಂಟೆಂಟ್ ಇಟ್ಟುಕೊಳ್ಳುತ್ತಿರುವ ಅಂಗಡಿಯವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ತಲೆ ಎಣಿಸಿ

ಚೀಟಿ ಬರೆಯಲು ಕೂರುವ ಮೊದಲು ಅಂಗಡಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸಿ. ಸಂಬಳದಲ್ಲಿ ಏನು ಕಡಿತವಾಗಬೇಕು ಎನ್ನುವುದು ಅಲ್ಲಿಂದಲೇ ಶುರು.

ಎರಡು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು, 10 ಮತ್ತು 20. ಹತ್ತು ಜನ ಆದರೆ ನೌಕರರ ಆಸ್ಪತ್ರೆ ಖರ್ಚಿನ ವಿಮೆಯಾದ ಇಎಸ್‌ಐ, ಮತ್ತು ಕೆಲಸ ಬಿಡುವಾಗ ಒಟ್ಟಿಗೆ ಕೊಡಬೇಕಾದ ಗ್ರಾಚ್ಯುಟಿ ಬರುತ್ತವೆ. ಇಪ್ಪತ್ತಾದರೆ ಪಿಎಫ್ ಮತ್ತು ಕಾನೂನಿನ ಬೋನಸ್ ಕೂಡ. ಮಾಲೀಕ ಈ ಎಣಿಕೆಗೆ ಬರುವುದಿಲ್ಲ. ಆದರೆ ಗೋದಾಮಿನಲ್ಲಿ ಗುತ್ತಿಗೆದಾರನ ಮೂಲಕ ಬಂದು ಕೆಲಸ ಮಾಡುವವರನ್ನು "ಅವರು ನಮ್ಮವರಲ್ಲ" ಎಂದು ಬಿಟ್ಟರೆ ಇಎಸ್‌ಐ ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ.

ನನ್ನಲ್ಲಿ ಆಗ ಇದ್ದವರು ಒಂಬತ್ತು ಜನ. ಅಂದರೆ ಹೊಸ ಅಕೌಂಟೆಂಟ್ ಹತ್ತನೆಯವಳು. ಅವಳೊಬ್ಬಳ ಸಂಬಳದ ಚೀಟಿ ಬರೆಯಲು ಹೋದವನಿಗೆ ಒಂಬತ್ತೂ ಜನರ ಸಂಬಳದ ಲೆಕ್ಕ ಬದಲಾಗುತ್ತದೆ ಎಂದು ತಿಳಿದದ್ದು ಹೀಗೆ. ಇಎಸ್‌ಐಗೆ ಮಾಲೀಕನ ಪಾಲು ಸಂಬಳದ ಶೇ 3.25, ನೌಕರನ ಪಾಲು ಶೇ 0.75. ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವ ಎಲ್ಲರೂ ಇದರೊಳಗೆ ಬರುತ್ತಾರೆ. ನಮ್ಮ ಒಂಬತ್ತು ಜನರ ಸಂಬಳ ಸರಾಸರಿ 16,000. ತಲಾ 520 ರೂಪಾಯಿಯಂತೆ ನನ್ನ ಕೈಯಿಂದ ತಿಂಗಳಿಗೆ 4,680 ಹೊಸ ಖರ್ಚು. ಅವರ ಸಂಬಳದಿಂದ ತಲಾ 120 ಕಡಿತ.

ಗ್ರಾಚ್ಯುಟಿ ಇನ್ನೂ ದೊಡ್ಡದು. ಅದು ತಿಂಗಳು ತಿಂಗಳು ಕಾಣುವುದಿಲ್ಲ, ಆದರೆ ಕಾನೂನು ಅನ್ವಯವಾದ ಮೇಲೆ ನೌಕರ ಹಿಂದೆ ದುಡಿದ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. ಅಂಗಡಿ ಶುರುವಾದಾಗಿನಿಂದ ಇರುವ ಹಳೆಯ ಹುಡುಗನೊಬ್ಬ ನಾಳೆ ಬಿಟ್ಟರೆ ಕೊನೆಯ ವೇತನ 16,000ವನ್ನು 26ರಿಂದ ಭಾಗಿಸಿ, 15ರಿಂದಲೂ 11 ವರ್ಷದಿಂದಲೂ ಗುಣಿಸಬೇಕು. ಒಂದು ಲಕ್ಷ ದಾಟುತ್ತದೆ. ಜೊತೆಗೆ ಇದಕ್ಕೆ ಖಾಯಂ ಹತ್ತು ಜನ ಇರಬೇಕೆಂದೇನೂ ಇಲ್ಲ. ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ ಹತ್ತು ಜನ ಇದ್ದರೂ ಸಾಕು. ಆಮೇಲೆ ಒಬ್ಬರನ್ನು ಕಡಿಮೆ ಮಾಡಿ ಒಂಬತ್ತಕ್ಕೆ ಇಳಿದರೂ ಇಎಸ್‌ಐ, ಗ್ರಾಚ್ಯುಟಿ ಎರಡೂ ಮುಂದುವರಿಯುತ್ತವೆ.

"ಹತ್ತನೆಯವರನ್ನು ಪುಸ್ತಕದಲ್ಲಿ ತೋರಿಸಬೇಡಪ್ಪ, ಕ್ಯಾಶ್ ಕೊಟ್ಟುಬಿಡು" ಎಂದು ಸಲಹೆ ಕೊಟ್ಟವರೂ ಇದ್ದರು. ಆ ಪುಸ್ತಕ ಬರೆಯುವವಳೇ ಆ ಹತ್ತನೆಯವಳು! ತನ್ನ ಹೆಸರಿಲ್ಲದ ಸಂಬಳದ ಪುಸ್ತಕವನ್ನು ತಾನೇ ಬರೆಯುವ ಅಕೌಂಟೆಂಟ್ ನಾಳೆ ನನ್ನ ಇನ್ನಾವ ಲೆಕ್ಕವನ್ನು ನೆಟ್ಟಗೆ ಬರೆದಾಳು?

ಹತ್ತನೆಯವರು ಸೇರಿದ ದಿನದಿಂದ 15 ದಿನದೊಳಗೆ ಅಂಗಡಿಯನ್ನು ಇಎಸ್‌ಐಗೆ ನೋಂದಾಯಿಸಬೇಕು. ಎಲ್ಲರ ಆಧಾರ್, ಮನೆಯವರ ವಿವರ, ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ. ನಮ್ಮಲ್ಲಿ ಇಬ್ಬರ ಆಧಾರಿನಲ್ಲಿ ಹೆಸರಿನ ಇನಿಷಿಯಲ್ ಬೇರೆ ಬೇರೆ ಇದ್ದು ಅದನ್ನು ಸರಿಪಡಿಸುವುದಕ್ಕೇ ವಾರ ಹಿಡಿಯಿತು.

ಸಂಬಳವನ್ನು ಒಡೆಯಬೇಡಿ

ಈಗ ನನ್ನ ಐದು ಸಾಲಿನ ಆ ಮೊದಲ ಚೀಟಿಗೆ ಬರೋಣ. ಆಡಿಟರ್ ಅದನ್ನು ನೋಡಿ, "ಯಾಕ್ರೀ ಇಷ್ಟು ಚೂರು ಮಾಡಿದ್ದೀರಿ?" ಎಂದು ಕೇಳಿದರು. ನನ್ನ ಬಳಿ ಕಾರಣವೇ ಇರಲಿಲ್ಲ. ದೊಡ್ಡ ಕಂಪನಿಯವರು ಸಂಬಳವನ್ನು ಭತ್ಯೆಗಳಾಗಿ ಒಡೆಯುತ್ತಿದ್ದುದಕ್ಕೆ ಮುಖ್ಯವಾಗಿ ಎರಡು ಕಾರಣ. ಮನೆ ಬಾಡಿಗೆ ಭತ್ಯೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಸಿಗುತ್ತದೆ, ಅದು ಒಂದು. ಮೂಲ ವೇತನ ಕಡಿಮೆ ತೋರಿಸಿದರೆ ಪಿಎಫ್, ಗ್ರಾಚ್ಯುಟಿ ಕಡಿಮೆಯಾಗುತ್ತಿತ್ತು, ಅದು ಇನ್ನೊಂದು.

ವರ್ಷಕ್ಕೆ ಎರಡೂವರೆ ಲಕ್ಷವೂ ಮುಟ್ಟದ ಸಂಬಳಕ್ಕೆ ಹಳೆಯ ಪದ್ಧತಿಯಲ್ಲೂ ಆದಾಯ ತೆರಿಗೆ ಇಲ್ಲ, ಹೊಸದರಲ್ಲೂ ಇಲ್ಲ. ಇಲ್ಲದ ತೆರಿಗೆಗೆ ವಿನಾಯಿತಿ ತೆಗೆದುಕೊಂಡು ಮಾಡುವುದೇನು? ಎರಡನೆಯ ಕಾರಣವೂ ಈಗ ಹೆಚ್ಚು ಉಳಿದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಮನೆ ಬಾಡಿಗೆ, ಪ್ರಯಾಣದಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗ ವೇತನಕ್ಕೇ ಮರಳಿ ಸೇರುತ್ತದೆ. ನಾನು ಅಷ್ಟು ಚೆಂದವಾಗಿ ಬರೆದ "ವಿಶೇಷ ಭತ್ಯೆ" ಎಂಬ ಹೆಸರಂತೂ ವೇತನದಿಂದ ಹೊರಗಿಡಬಹುದಾದ ಆ ಪಟ್ಟಿಯಲ್ಲೇ ಇಲ್ಲ.

ಚೂರು ಮಾಡುವುದರಲ್ಲಿ ಇನ್ನೊಂದು ಅಪಾಯವಿದೆ. ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೌಕರರಿಗೆ ಕನಿಷ್ಠ ವೇತನ ನಿಗದಿಯಾಗಿದೆ. ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಆ ಮೊತ್ತವನ್ನು ಮುಟ್ಟಬೇಕು. ಮನೆ ಬಾಡಿಗೆ ಭತ್ಯೆ ಸೇರಿಸಿ ಮುಟ್ಟಿಸುವ ಹಾಗಿಲ್ಲ. ನನ್ನ ಚೀಟಿಯಲ್ಲಿ ಮೂಲ ವೇತನ 8,000 ಎಂದಿತ್ತು. ಇಪ್ಪತ್ತು ಸಾವಿರ ಕೊಡುತ್ತಲೇ ಕಾಗದದಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟವನಾಗುತ್ತಿದ್ದೆ. ಚೀಟಿ ಬರೆಯುವ ದಿನ ಕಾರ್ಮಿಕ ಇಲಾಖೆಯ ಆ ವರ್ಷದ ದರಪಟ್ಟಿಯನ್ನು ಒಮ್ಮೆ ನೋಡಿ, ಅದರಲ್ಲಿ ನಿಮ್ಮ ಊರಿನ ವಲಯ ಯಾವುದು ಎಂದೂ ನೋಡಿ.

ಆದ್ದರಿಂದ ನನ್ನ ಮಾತು ಇಷ್ಟೆ: ಒಬ್ಬ ಅಕೌಂಟೆಂಟ್ ಇರುವ ಅಂಗಡಿಗೆ "ಮೂಲ ವೇತನ ಮತ್ತು ತುಟ್ಟಿಭತ್ಯೆ" ಎಂಬ ಒಂದೇ ಸಾಲು ಸಾಕು.

ಕೈಗೆ ಬರುವ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ

ಸಂಬಳದ ಮಾತುಕತೆಯಲ್ಲಿ "ಇಪ್ಪತ್ತು" ಎಂದರೆ ಕೇಳುವವರ ಮನಸ್ಸಿನಲ್ಲಿ ಇರುವುದು ಬ್ಯಾಂಕಿಗೆ ಬೀಳುವ ಇಪ್ಪತ್ತು. ಕೊಡುವವರ ಮನಸ್ಸಿನಲ್ಲಿ ಇರುವುದು ತಮ್ಮ ಜೇಬಿನಿಂದ ಹೋಗುವ ಇಪ್ಪತ್ತು. ಜಗಳ ಹುಟ್ಟುವುದು ಇವೆರಡರ ನಡುವಿನ ಸಂದಿಯಲ್ಲಿ. ಹಾಗಾಗಿ ಮೊದಲು ಬಾಯಿಬಿಟ್ಟು ಕೇಳಿಬಿಡಿ. ನಾನು ಕೇಳಿದೆ, ಅವಳಿಗೆ ಬೇಕಿದ್ದದ್ದು ಕೈಗೆ ಇಪ್ಪತ್ತು.

ಇಎಸ್‌ಐ ಶೇ 0.75 ಕಡಿತವಾದ ಮೇಲೆ 20,000 ಉಳಿಯಬೇಕಾದರೆ ಸಂಬಳ 20,152 ಆಗಬೇಕು. ಅದನ್ನು 20,200 ಮಾಡಿದೆ. ಅದರ ಶೇ 0.75 ಎಂದರೆ 151 ರೂಪಾಯಿ 50 ಪೈಸೆ. ನಾನು 151 ಎಂದು ಬರೆದಿದ್ದೆ. ಇಎಸ್‌ಐಯಲ್ಲಿ ಪೈಸೆ ಇದ್ದರೆ ಮೇಲಿನ ರೂಪಾಯಿಗೆ ಏರಿಸಬೇಕು, 152 ಆಗುತ್ತದೆ ಎಂದು ತಿದ್ದಿದ್ದು ಅವಳೇ, ಕೆಲಸಕ್ಕೆ ಸೇರುವ ಮೊದಲೇ.

ವೃತ್ತಿ ತೆರಿಗೆಯ ಸಾಲನ್ನೂ ಬರೆದು ಎದುರಿಗೆ "ಇಲ್ಲ" ಎಂದು ಹಾಕಿ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ಮಾತ್ರ ಅದು ಬರುತ್ತದೆ: ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಈಗ ಬೇಡದ ಸಾಲನ್ನು ಬರೆಯುವುದು ಯಾಕೆಂದರೆ, ಮುಂದೆ ಕಡಿತ ಶುರುವಾದಾಗ "ಇದು ಎಲ್ಲಿಂದ ಬಂತು" ಎಂಬ ಪ್ರಶ್ನೆ ಏಳಬಾರದು. ಪಿಎಫ್ ಸಾಲಿಗೂ ಅದೇ ಮಾತು. ಇಪ್ಪತ್ತು ಜನ ಇಲ್ಲದ್ದರಿಂದ ನಮಗೆ ಕಡ್ಡಾಯವಲ್ಲ, ಹಾಗಂತ ಬರೆದೆ.

ಕೊನೆಗೆ ಅವಳ ಕೈಗೆ ಕೊಟ್ಟ ಚೀಟಿ ಹೀಗಿತ್ತು:

ಮೂಲ ವೇತನ ಮತ್ತು ತುಟ್ಟಿಭತ್ಯೆ: 20,200
ಇತರ ಭತ್ಯೆ: ಇಲ್ಲ
ಒಟ್ಟು ಸಂಬಳ: 20,200
ಕಡಿತ, ಇಎಸ್‌ಐ ನೌಕರರ ಪಾಲು: 152
ಕಡಿತ, ಪಿಎಫ್: ಇಲ್ಲ (ಸಂಸ್ಥೆಗೆ ಅನ್ವಯವಾಗುವುದಿಲ್ಲ)
ಕಡಿತ, ವೃತ್ತಿ ತೆರಿಗೆ: ಇಲ್ಲ (ಸಂಬಳ 25,000ಕ್ಕಿಂತ ಕಡಿಮೆ)
ಬ್ಯಾಂಕ್ ಖಾತೆಗೆ ಜಮೆ: 20,048
ಇದಲ್ಲದೆ ಸಂಸ್ಥೆ ಕಟ್ಟುವ ಇಎಸ್‌ಐ ಪಾಲು: 657

ಕೊನೆಯ ಸಾಲು "ಇದಲ್ಲದೆ" ಎಂದು ಶುರುವಾಗುವುದನ್ನು ಗಮನಿಸಿ. ಮಾಲೀಕನ ಪಾಲನ್ನು ನೌಕರನ ಸಂಬಳದಿಂದ ಕಡಿದುಕೊಳ್ಳುವಂತಿಲ್ಲ. ಕೆಲವರು ಎರಡೂ ಪಾಲನ್ನು ಕೂಡಿ ಶೇ 4 ಕಡಿತ ತೋರಿಸುವುದನ್ನು ನೋಡಿದ್ದೇನೆ. ಅದು ತಪ್ಪು, ಮತ್ತು ಲೆಕ್ಕ ಬಲ್ಲವರು ಒಂದು ಕ್ಷಣದಲ್ಲಿ ಹಿಡಿಯುತ್ತಾರೆ.

ಮಾಲೀಕನ ಪ್ರತಿ ಬೇರೆ ಇರಲಿ

ಗ್ರಾಚ್ಯುಟಿಯನ್ನು ಚೀಟಿಯಲ್ಲಿ ತೋರಿಸಬೇಕೆ ಎಂಬುದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ನನ್ನ ಮಟ್ಟಿಗೆ ಬೇಡ. ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲಷ್ಟೇ ಕೈಗೆ ಬರುವ ಹಣವನ್ನು ಈ ತಿಂಗಳ ಸಂಬಳದ ಪಟ್ಟಿಯಲ್ಲಿ ಸೇರಿಸಿ ಮೊತ್ತ ಉಬ್ಬಿಸುವುದು ನನಗೆ ಸರಿಕಾಣಲಿಲ್ಲ. ಆದರೆ ಮಾಲೀಕ ತನ್ನ ಲೆಕ್ಕದಲ್ಲಿ ಅದನ್ನು ಬರೆದಿಟ್ಟುಕೊಳ್ಳಲೇಬೇಕು. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. 20,200ಕ್ಕೆ ಅದು ವರ್ಷಕ್ಕೆ ಸುಮಾರು 11,654, ಅಂದರೆ ತಿಂಗಳಿಗೆ 971.

ಹಾಗೆ ನನ್ನ ಪ್ರತಿಯಲ್ಲಿ ಸಂಬಳ 20,200, ಇಎಸ್‌ಐ 657, ಗ್ರಾಚ್ಯುಟಿಗೆ ಎತ್ತಿಟ್ಟದ್ದು 971, ಒಟ್ಟು 21,828. ಇದಕ್ಕೆ ಆ ಒಂಬತ್ತು ಜನರ ಇಎಸ್‌ಐ 4,680 ಸೇರಿಸಿದರೆ 26,508. ಇಪ್ಪತ್ತು ಸಾವಿರಕ್ಕೆ ಅಕೌಂಟೆಂಟ್ ಇಟ್ಟುಕೊಂಡೆ ಎಂದು ನಾನು ಅಂದುಕೊಂಡಿದ್ದರ ನಿಜವಾದ ಬೆಲೆ ಅದು. ಎಂಟು ಜನ ಇರುವ ಅಂಗಡಿಗೆ ಈ 4,680 ಬರುವುದಿಲ್ಲ, ಇಎಸ್‌ಐ ಸಾಲೇ ಇರುವುದಿಲ್ಲ. ತಲೆ ಎಣಿಸಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಇನ್ನು ಆ 120 ರೂಪಾಯಿ ಕಡಿತ. ನಮ್ಮ ಗೋದಾಮಿನವರು, "ಅಕೌಂಟ್ ಮೇಡಂ ಬಂದಿದ್ದಕ್ಕೆ ನಮ್ಮ ದುಡ್ಡು ಯಾಕಣ್ಣ ಕಟ್ಟು?" ಎಂದು ಗೊಣಗಿದರು. ಆರು ತಿಂಗಳ ಮೇಲೆ ಅವರಲ್ಲೊಬ್ಬನ ಹೆಂಡತಿಯ ಹೆರಿಗೆ ಇಎಸ್‌ಐ ಆಸ್ಪತ್ರೆಯಲ್ಲಿ ಆದ ಮೇಲೆ ಆ ಮಾತು ನಿಂತಿತು.

ಭತ್ಯೆ ಬೇರೆ, ಖರ್ಚಿನ ಮರುಪಾವತಿ ಬೇರೆ

ಪ್ರಯಾಣ ಭತ್ಯೆ ತೆಗೆದುಹಾಕಿದಾಗ ಅವಳು ತಕರಾರು ಮಾಡಲಿಲ್ಲ. ಹರಿಹರದಿಂದ ದಾವಣಗೆರೆಗೆ ಸರ್ಕಾರಿ ಬಸ್ಸಿನಲ್ಲಿ ಬರುತ್ತಾಳೆ, ಶಕ್ತಿ ಯೋಜನೆ ಬಂದಾಗಿನಿಂದ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಬ್ಯಾಂಕಿಗೆ, ಆಡಿಟರ್ ಆಫೀಸಿಗೆ ಊರೊಳಗೆ ಓಡಾಡುವುದು ನಮ್ಮ ಕೆಲಸಕ್ಕೆ. ಅದಕ್ಕೆ ಆಟೋಗೆ ಕೊಟ್ಟಷ್ಟನ್ನು ವೋಚರ್ ಬರೆದು ಕ್ಯಾಶ್ ಪೆಟ್ಟಿಗೆಯಿಂದ ಕೊಡುವುದು, ಸಂಬಳಕ್ಕೆ ಸೇರಿಸುವುದಲ್ಲ. ಅಂಗಡಿ ಕೆಲಸಕ್ಕೆ ಬಳಸುವ ಮೊಬೈಲ್ ರೀಚಾರ್ಜೂ ಹಾಗೆಯೇ. ಇದನ್ನು ಚೀಟಿಯ ಕೆಳಗೆ ಒಂದು ವಾಕ್ಯದಲ್ಲಿ ಬರೆದರೆ ಆಯಿತು.

ದೀಪಾವಳಿ ಬೋನಸ್ಸಿನದು ಇನ್ನೂ ಸೂಕ್ಷ್ಮ. ಇಪ್ಪತ್ತಕ್ಕಿಂತ ಕಡಿಮೆ ಜನರ ಅಂಗಡಿಗೆ ಅದು ಕಾನೂನಿನ ಬಾಧ್ಯತೆಯಲ್ಲ, ಆದರೆ ನಮ್ಮ ಪೇಟೆಯಲ್ಲಿ ಕೊಡದೆ ಇರುವ ಪದ್ಧತಿ ಇಲ್ಲ. ಅದನ್ನು ತಿಂಗಳ ಪಟ್ಟಿಗೆ ಹಂಚಬೇಡಿ. ಹಂಚಿದರೆ ಹಬ್ಬದ ದಿನ ಕೈ ಖಾಲಿ, ಮನಸ್ಸೂ ಖಾಲಿ. "ದೀಪಾವಳಿ ಬೋನಸ್ ಈ ಪಟ್ಟಿಯಲ್ಲಿ ಸೇರಿಲ್ಲ" ಎಂದಷ್ಟೇ ಬರೆಯಿರಿ.

ಜಗಳ ತರುವ ಎರಡು ಸಾಲು: ಒಂದನ್ನು ಬರೆಯಬೇಕು, ಒಂದನ್ನು ಬರೆಯಬಾರದು

ಮೊದಲನೆಯದು, ರಜೆ ಮೀರಿ ಗೈರಾದ ದಿನಕ್ಕೆ ಎಷ್ಟು ಕಡಿತ ಎಂಬುದು. ತಿಂಗಳ ಸಂಬಳವನ್ನು 30ರಿಂದ ಭಾಗಿಸುತ್ತೀರೋ 26ರಿಂದಲೋ? 20,200ಕ್ಕೆ ಎರಡು ದಿನದ ಕಡಿತ ಒಂದರಲ್ಲಿ 1,347, ಇನ್ನೊಂದರಲ್ಲಿ 1,554. ಇನ್ನೂರು ರೂಪಾಯಿ ವ್ಯತ್ಯಾಸ. ವಾರದ ರಜೆಗೂ ಸಂಬಳ ಕೊಡುತ್ತೇವಲ್ಲ, ಹಾಗಾಗಿ ಆ ತಿಂಗಳಿನ ದಿನಗಳಿಂದಲೇ, ಅಂದರೆ 30ರ ತಿಂಗಳಿಗೆ 30, 31ರ ತಿಂಗಳಿಗೆ 31ರಿಂದ ಭಾಗಿಸುವುದು ಎಂದು ನಾನು ಬರೆದೆ. ಗ್ರಾಚ್ಯುಟಿ ಲೆಕ್ಕದಲ್ಲಿ 26 ಬರುತ್ತದೆ ಎಂದು ಇಲ್ಲಿಗೂ ಅದನ್ನೇ ಎಳೆದು ತಂದರೆ ನಷ್ಟ ನೌಕರರಿಗೆ. ಕಡಿತವಾದ ತಿಂಗಳು ಇಎಸ್‌ಐಯನ್ನೂ ಉಳಿದ ಸಂಬಳದ ಮೇಲೆ ಲೆಕ್ಕ ಹಾಕಬೇಕು, ಹಳೆಯ 152ನ್ನೇ ಹಿಡಿಯಬಾರದು.

ಎರಡನೆಯದನ್ನು ನಾನು ಬರೆಯಲು ಹೊರಟು ಹೊಡೆದುಹಾಕಿದೆ: "ಜಿಎಸ್‌ಟಿ ರಿಟರ್ನ್ ತಡವಾದರೆ ದಂಡವನ್ನು ಸಂಬಳದಲ್ಲಿ ಹಿಡಿಯಲಾಗುವುದು." ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವಾರ ಕಳೆದರೆ 350. ಅಕೌಂಟೆಂಟ್ ಇಟ್ಟುಕೊಳ್ಳುವುದೇ ಅದಕ್ಕಲ್ಲವೇ ಎಂದು ನನ್ನ ತರ್ಕ. ಆದರೆ ಸಂಬಳದಿಂದ ಯಾವುದನ್ನು ಕಡಿಯಬಹುದು ಎಂಬುದಕ್ಕೆ ಕಾನೂನಿನಲ್ಲಿ ಪಟ್ಟಿಯೇ ಇದೆ. ನೌಕರರ ಕೈಗೆ ಒಪ್ಪಿಸಿದ ಹಣ ಅವರ ಅಲಕ್ಷ್ಯದಿಂದ ಹೋದರೆ, ಅವರ ಮಾತು ಕೇಳಿದ ಮೇಲೆ ಹಿಡಿಯಲು ಅವಕಾಶವಿದೆ. ರಿಟರ್ನ್ ತಡವಾದದ್ದಕ್ಕೆ ಮಾತ್ರ ತೆರಿಗೆದಾರನೇ ಹೊಣೆ, ಅಂದರೆ ನಾನು. ನಮ್ಮಲ್ಲಿ ಒಮ್ಮೆ ತಡವಾದದ್ದೂ ನಾನು ಖರೀದಿ ಬಿಲ್ಲುಗಳನ್ನು ಕಾರಿನ ಡಿಕ್ಕಿಯಲ್ಲಿ ಮರೆತಿದ್ದರಿಂದ.

ಕೈಗಡ ಕೊಟ್ಟರೆ ಅದರ ಕಂತನ್ನು ಹಿಡಿಯಬಹುದು. ಒಂದು ತಿಂಗಳಲ್ಲಿ ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರಬಾರದು.

ಸಂಬಳ ಏರಿಸುವಾಗ

ಆರು ತಿಂಗಳಿಗೆ ನೋಡಿ ಏರಿಸುವುದು ಎಂದು ಮಾತಾಗಿದ್ದರೆ ಏರಿಕೆಯ ಲೆಕ್ಕವನ್ನೂ ಈಗಲೇ ಒಮ್ಮೆ ಮಾಡಿಬಿಡಿ. ಜೂನ್‌ನಲ್ಲಿ ಸೇರಿದವಳಿಗೆ ಡಿಸೆಂಬರ್‌ನಲ್ಲಿ 22,000 ಮಾಡಿದೆ ಎನ್ನಿ. 21,000 ದಾಟಿತು, ಇಎಸ್‌ಐ ನಿಂತಿತು ಎಂದುಕೊಳ್ಳುವುದು ಸಹಜ. ಆದರೆ ಇಎಸ್‌ಐಯ ವಂತಿಗೆ ಅವಧಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಅವಧಿಯ ನಡುವೆ ಮಿತಿ ದಾಟಿದರೆ ಆ ಅವಧಿ ಮುಗಿಯುವ ತನಕ ಪೂರ್ತಿ 22,000ದ ಮೇಲೇ ಕಟ್ಟಬೇಕು. ಅಂದರೆ ಮಾರ್ಚ್ ತನಕ ಅವಳ ಪಾಲು 165, ಜಮೆ 21,835.

ಏಪ್ರಿಲ್‌ನಲ್ಲಿ ಆ 165 ಕಡಿತ ನಿಲ್ಲುತ್ತದೆ. ಹೊಸ ಕಡಿತಗಳು ಇಲ್ಲದಿರುವುದರಿಂದ ಪೂರ್ತಿ 22,000 ಖಾತೆಗೆ ಬೀಳುತ್ತದೆ, ಆದರೆ ಇಎಸ್‌ಐನ ರಕ್ಷಣೆ ಮುಂದೆ ತಪ್ಪಿಹೋಗುತ್ತದೆ. ಇದನ್ನು ಹೇಳಿದಾಗ ಅವಳು ಕೂಡಲೇ ಕೇಳಿದ್ದು, "ಅಮ್ಮನ ಶುಗರ್ ಮಾತ್ರೆ ಅಲ್ಲೇ ತಗೊಳ್ತಿದ್ವಲ್ಲ ಸರ್?" ಕೊನೆಗೆ ಏರಿಕೆಯನ್ನು 21,000ಕ್ಕೇ ನಿಲ್ಲಿಸಿ, ಉಳಿದದ್ದನ್ನು ದೀಪಾವಳಿ ಬೋನಸ್ಸಿಗೆ ಕೂಡಿಸಿಕೊಡುವುದು ಎಂದು ಅವಳೇ ಆರಿಸಿಕೊಂಡಳು.

ಹೊಸ ಮೊತ್ತ ಬಂದಾಗ ಹಳೆಯ ಚೀಟಿಯ ಮೇಲೆ ಅಂಕಿ ತಿದ್ದಬೇಡಿ. ಹೊಸ ದಿನಾಂಕ ಹಾಕಿ ಹೊಸದು ಬರೆಯಿರಿ, ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಹೊಸ ಸಂಹಿತೆಯಲ್ಲಿ ಪ್ರತಿ ನೌಕರರಿಗೂ ನೇಮಕಾತಿ ಪತ್ರ ಕೊಡುವುದು ಕಡ್ಡಾಯ, ಈ ಚೀಟಿಯನ್ನು ಅದರ ಹಿಂದೆ ಪಿನ್ ಮಾಡಿ. ಸಂಬಳದ ದಿನವನ್ನೂ ಅದರಲ್ಲೇ ನಮೂದಿಸಿ. ಮುಂದಿನ ತಿಂಗಳ 7ರೊಳಗೆ ಕೊಡಬೇಕೆಂದು ಕಾನೂನು ಹೇಳುತ್ತದೆ. ನಾವು 3 ಎಂದು ಬರೆದಿದ್ದೇವೆ, ಏಕೆಂದರೆ 5ಕ್ಕೆ ಅವಳ ಸ್ಕೂಟಿ ಸಾಲದ ಕಂತು ಇದೆ.